ಆಫ್ರಿಕಾ ಬಿಟ್ಟಿದ್ದು ಯಾವಾಗ? ಡಿಎನ್‌ಎ ತುಂಡಿನ ಉದ್ದ ಅಳೆದು ಲೆಕ್ಕ ಹಾಕೋದು ಹೀಗೆ

[ಪರದೆ: ಕಂದು ಬಣ್ಣದ ತಲೆಬುರುಡೆ, ನಿಧಾನವಾಗಿ ತಿರುಗುತ್ತಾ]

ಇದು ಒಬ್ಬ ಹೆಂಗಸಿನ ತಲೆಬುರುಡೆ. 1950ರಲ್ಲಿ ಈಗಿನ ಜೆಕ್ ದೇಶದ ಜ್ಲಾಟಿ ಕೂನ್ ಅನ್ನೋ ಗುಡ್ಡದ ಗುಹೆಯಲ್ಲಿ ಸಿಕ್ಕಿತು. ಆ ಹೆಸರಿನ ಅರ್ಥ ‘ಚಿನ್ನದ ಕುದುರೆ’. ಈಕೆ ಬದುಕಿದ್ದು ಯಾವಾಗ ಅಂತ ಕಾರ್ಬನ್ ಪರೀಕ್ಷೆ ಮಾಡಿಸಿದರೆ ಒಂದು ಸಲ ಸುಮಾರು 15 ಸಾವಿರ ವರ್ಷ ಅಂತ ಬಂತು, ಇನ್ನೊಂದು ಸಲ ಸುಮಾರು 27 ಸಾವಿರ. ನಿಜವಾದ ವಯಸ್ಸು ಸುಮಾರು 45 ಸಾವಿರ.

ಒಂದೇ ಮೂಳೆ, ಮೂರು ವಯಸ್ಸು. ಇದು ಹೇಗಾಯ್ತು ಅಂತ ಬಿಡಿಸಿದರೆ, ನಮ್ಮ ಪೂರ್ವಿಕರು ಆಫ್ರಿಕಾದಿಂದ ಹೊರಬಿದ್ದ ಕಾಲವನ್ನು ಜೀನುಗಳಿಂದ ಹೇಗೆ ಲೆಕ್ಕ ಹಾಕ್ತಾರೆ ಅನ್ನೋದೂ ಗೊತ್ತಾಗುತ್ತೆ.

[ಪರದೆ: ಅರ್ಧ ಅರ್ಧ ಕಡಿಮೆಯಾಗುತ್ತಾ ಹೋಗುವ ಕಾರ್ಬನ್ ಚುಕ್ಕಿಗಳು]

ಮೊದಲು ಕಾರ್ಬನ್ ಲೆಕ್ಕ. ಬದುಕಿರುವ ಜೀವಿಯ ಮೈಯಲ್ಲಿ ಕಾರ್ಬನ್-14 ಅನ್ನೋ ಅಸ್ಥಿರ ಕಾರ್ಬನ್ ಇರುತ್ತೆ. ಸತ್ತ ಮೇಲೆ ಅದು 5,730 ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುತ್ತೆ. 45 ಸಾವಿರ ವರ್ಷ ಅಂದರೆ ಹೆಚ್ಚು ಕಡಿಮೆ ಎಂಟು ಸಲ ಅರ್ಧ. ನೂರರಲ್ಲಿ ಅರ್ಧ ಪಾಲೂ ಉಳಿಯಲ್ಲ, ಸುಮಾರು 0.43 ಪರ್ಸೆಂಟ್ ಮಾತ್ರ. ಅಂಥ ಮೂಳೆಗೆ ಹೊಸ ಕಾಲದ ಕಾರ್ಬನ್ ಬರೀ ಒಂದು ಪರ್ಸೆಂಟ್ ಸೇರಿದರೂ ಸಾಕು, ಯಂತ್ರಕ್ಕೆ ಕಾಣೋದು 1.43 ಪರ್ಸೆಂಟ್, ಲೆಕ್ಕ ಹೇಳೋದು 35 ಸಾವಿರ ವರ್ಷ. ಒಂದೇ ಏಟಿಗೆ ಹತ್ತು ಸಾವಿರ ವರ್ಷ ಮಾಯ. 15 ಸಾವಿರ ಅಂತ ತೋರಿಸಬೇಕಾದರೆ ಸುಮಾರು 16 ಪರ್ಸೆಂಟ್ ಹೊಸ ಕಾರ್ಬನ್ ಬೆರೆತಿರಬೇಕು.

ಈ ಬುರುಡೆಗೆ ಅಷ್ಟು ಕಾರ್ಬನ್ ಎಲ್ಲಿಂದ ಬಂತು? ಡಿಎನ್‌ಎ ತೆಗೆದವರಿಗೆ ಅದರಲ್ಲಿ ಹಸುವಿನ ಡಿಎನ್‌ಎ ಸಿಕ್ಕಿತು. ಮೂಳೆ ಪುಡಿಯಾಗದಿರಲಿ ಅಂತ ಹಿಂದೆ ಯಾರೋ ದನದ ಚರ್ಮ, ಮೂಳೆ ಬೇಯಿಸಿ ಮಾಡುವ ಅಂಟು ಬಳಿದಿದ್ದರು. ಅಂಟಿನಲ್ಲಿರೋದು ಕೊಲಾಜನ್, ಮೂಳೆಯಲ್ಲಿ ಪರೀಕ್ಷೆಗೆ ತೆಗೆಯೋದೂ ಕೊಲಾಜನ್ನೇ. ಎರಡನ್ನೂ ಬೇರ್ಪಡಿಸೋದು ಹಾಲಿಗೆ ಬೆರೆತ ಹಾಲನ್ನು ಬೇರ್ಪಡಿಸಿದ ಹಾಗೆ. ಅಂಟು ಬಳಿದವರನ್ನು ಬೈಯೋ ಹಾಗಿಲ್ಲ. ಆ ಕಾಲಕ್ಕೆ ಮೂಳೆ ಉಳಿಸೋ ಸರಿಯಾದ ದಾರಿಯೇ ಅದಾಗಿತ್ತು.

[ಪರದೆ: ಮಲ್ಲಿಗೆ ದಂಡೆ, ಪಕ್ಕದಲ್ಲಿ ಕನಕಾಂಬರ ದಂಡೆ]

ಕಾರ್ಬನ್ ಕೈಕೊಟ್ಟಾಗ ಕೈಹಿಡಿದಿದ್ದು ಬೇರೊಂದು ಗಡಿಯಾರ. ಆಫ್ರಿಕಾದ ಹೊರಗೆ ಬೇರೂರಿದ ಎಲ್ಲ ಜನರ ಜೀನುಗಳಲ್ಲೂ ನಿಯಾಂಡರ್ತಾಲ್ ಅಂಶ ಇದೆ, ಸುಮಾರು ಎರಡು ಪರ್ಸೆಂಟಿನಷ್ಟು. ನಿಯಾಂಡರ್ತಾಲರು ಯುರೋಪ್, ಪಶ್ಚಿಮ ಏಷ್ಯಾದಲ್ಲಿ ಲಕ್ಷಾಂತರ ವರ್ಷ ಬದುಕಿದ್ದ ನಮ್ಮ ದಾಯಾದಿಗಳು. ಆಫ್ರಿಕಾದಿಂದ ಬಂದವರು ಅವರ ಜೊತೆ ಕೂಡಿ ಮಕ್ಕಳಾದವು. ಹಾಗಾಗಿ ಈ ಬೆರಕೆ ಯಾವಾಗ ಆಯ್ತು ಅಂತ ಗೊತ್ತಾದರೆ ಆಫ್ರಿಕಾ ಬಿಟ್ಟ ಕಾಲದ ಸುಳಿವೂ ಸಿಗುತ್ತೆ.

ಆ ಮಗುವಿನ ಕ್ರೋಮೋಸೋಮ್ ಜೋಡಿಯಲ್ಲಿ ಒಂದು ಪೂರ್ತಿ ಮಲ್ಲಿಗೆ ದಂಡೆ, ಇನ್ನೊಂದು ಪೂರ್ತಿ ಕನಕಾಂಬರ ಅಂದುಕೊಳ್ಳಿ. ಕನಕಾಂಬರ ಅಂದರೆ ನಿಯಾಂಡರ್ತಾಲ್. ಈ ಮಗು ದೊಡ್ಡದಾಗಿ ತನ್ನ ಮಕ್ಕಳಿಗೆ ದಾಟಿಸುವಾಗ, ಎರಡೂ ದಂಡೆಗಳನ್ನು ಒಂದೇ ಜಾಗದಲ್ಲಿ ಕತ್ತರಿಸಿ ಅದಲು ಬದಲು ಕಟ್ಟಿದ ಹಾಗಾಗುತ್ತೆ. ಮುಂದಿನ ತಲೆಮಾರಲ್ಲಿ ಆ ಮಿಶ್ರ ದಂಡೆಯ ಜೋಡಿ ಮತ್ತೆ ಮಲ್ಲಿಗೆಯೇ, ಮತ್ತೆ ಕತ್ತರಿ. ಹೀಗೆ ಕನಕಾಂಬರದ ತುಂಡುಗಳು ಚಿಕ್ಕದಾಗುತ್ತಾ ಹೋಗ್ತವೆ.

ಕತ್ತರಿ ಬೀಳುವ ವೇಗ ಗೊತ್ತಿದೆ. ಒಂದು ತಲೆಮಾರಿಗೆ ಡಿಎನ್‌ಎಯ ಸುಮಾರು 10 ಕೋಟಿ ಅಕ್ಷರಕ್ಕೆ ಒಂದು ಕಡೆ. ಹಾಗಾಗಿ ಸೂತ್ರ ಸುಲಭ: ತುಂಡಿನ ಸರಾಸರಿ ಉದ್ದ ಅಂದರೆ 10 ಕೋಟಿಯನ್ನು ತಲೆಮಾರುಗಳ ಸಂಖ್ಯೆಯಿಂದ ಭಾಗಿಸಿ. ಬೆರೆತು 5 ತಲೆಮಾರಾಗಿದ್ದರೆ 2 ಕೋಟಿ ಅಕ್ಷರ. 80 ತಲೆಮಾರಾಗಿದ್ದರೆ ಹನ್ನೆರಡೂವರೆ ಲಕ್ಷ. ನಮ್ಮ ಹಾಗೆ 1,600 ತಲೆಮಾರು ಕಳೆದಿದ್ದರೆ ಬರೀ 60 ಸಾವಿರದ ಆಸುಪಾಸು.

[ಪರದೆ: ಮೂರು ಪಟ್ಟಿಗಳು: ಉದ್ದ, ಮಧ್ಯಮ, ಚಿಕ್ಕ ಕೇಸರಿ ತುಂಡುಗಳು]

ಈ ಅಳತೆ ಕೆಲಸ ಮಾಡುತ್ತೆ ಅಂತ ಮೊದಲು ಚೆನ್ನಾಗಿ ತೋರಿಸಿಕೊಟ್ಟಿದ್ದು ಸೈಬೀರಿಯಾದ ಒಂದು ತೊಡೆಮೂಳೆ. 2008ರಲ್ಲಿ ಇರ್ತಿಶ್ ನದಿ ದಂಡೆಯಲ್ಲಿ, ಉಸ್ತ್-ಇಶಿಮ್ ಊರಿನ ಹತ್ತಿರ, ಹಳೇ ದಂತ ಹುಡುಕಿ ಕೆತ್ತನೆ ಮಾಡುವವರೊಬ್ಬರಿಗೆ ಸಿಕ್ಕಿದ್ದು. ಈ ಮೂಳೆಗೆ ಅಂಟಿನ ಕಾಟ ಇರಲಿಲ್ಲ, ಕಾರ್ಬನ್ ನೇರವಾಗಿ ಸುಮಾರು 45 ಸಾವಿರ ವರ್ಷ ಅಂತು. 2014ರಲ್ಲಿ ಜರ್ಮನಿಯ ಲೈಪ್‌ಜಿಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ತಂಡ ಅದರ ಪೂರ್ತಿ ಜೀನೋಮ್ ಓದಿತು. ನಿಯಾಂಡರ್ತಾಲ್ ಪಾಲು ಹೆಚ್ಚು ಕಡಿಮೆ ನಮ್ಮಷ್ಟೇ ಇತ್ತು, ಆದರೆ ತುಂಡುಗಳು ನಮ್ಮವಕ್ಕಿಂತ ಸುಮಾರು 2ರಿಂದ 4 ಪಟ್ಟು ಉದ್ದ. ಆತ ಹುಟ್ಟುವ 232ರಿಂದ 430 ತಲೆಮಾರು ಹಿಂದೆ ಬೆರಕೆ ನಡೆದಿತ್ತು ಅಂತ ಲೆಕ್ಕ ಬಂತು.

ಈಗ ಜ್ಲಾಟಿ ಕೂನ್ ಹೆಂಗಸಿಗೆ ಬನ್ನಿ. 2021ರಲ್ಲಿ ಅವಳ ಜೀನೋಮ್ ಹೊರಬಂದಾಗ ನಿಯಾಂಡರ್ತಾಲ್ ತುಂಡುಗಳು ಉಸ್ತ್-ಇಶಿಮ್ ಮನುಷ್ಯನವಕ್ಕಿಂತಲೂ ಉದ್ದ ಇದ್ದವು. ಅಂದರೆ ಬೆರಕೆಗೆ ಅವಳು ಇನ್ನೂ ಹತ್ತಿರ, ವಯಸ್ಸು ಆತನಷ್ಟೇ ಅಥವಾ ಹೆಚ್ಚು. 15 ಸಾವಿರದ ಮಾತು ಅಲ್ಲಿಗೆ ಬಿತ್ತು.

ಒಂದು ಎಚ್ಚರಿಕೆ ಇಲ್ಲಿ ಬೇಕು. ತುಂಡು ಉದ್ದ ಇರೋದಕ್ಕೆ ಇನ್ನೊಂದು ಕಾರಣವೂ ಇರಬಹುದು: ಆಮೇಲೆ ಮತ್ತೊಂದು ಸಲ ಬೆರೆತಿರಬಹುದು. ರುಮೇನಿಯಾದ ಓಆಸೆ ಗುಹೆಯ ದವಡೆಮೂಳೆಯ ಕಥೆ ಅದೇ. ಅದು ಸುಮಾರು 40 ಸಾವಿರ ವರ್ಷದ್ದು, ಉಸ್ತ್-ಇಶಿಮ್‌ಗಿಂತ ಈಚಿನದು, ಆದರೂ ಅದರಲ್ಲಿ ತೀರಾ ಉದ್ದದ ತುಂಡುಗಳಿವೆ. ಆತನ ವಂಶದಲ್ಲಿ 4ರಿಂದ 6 ತಲೆಮಾರು ಹಿಂದೆ ಒಬ್ಬ ನಿಯಾಂಡರ್ತಾಲ್ ಇದ್ದ. ಪತ್ತೆ ಹೇಗೆ? ಒಂದೇ ಬೆರಕೆಯಾದರೆ ತುಂಡುಗಳ ಉದ್ದ ಒಂದೇ ಸರಾಸರಿಯ ಸುತ್ತ ಹರಡಿರುತ್ತೆ. ಎರಡು ಸಲ ಆಗಿದ್ದರೆ ಚಿಕ್ಕ ತುಂಡುಗಳ ರಾಶಿ ಒಂದು ಕಡೆ, ಅದಕ್ಕೆ ಹೊಂದದ ಕೆಲವು ದೈತ್ಯ ತುಂಡುಗಳು ಇನ್ನೊಂದು ಕಡೆ.

[ಪರದೆ: ನಕ್ಷೆ. ಜರ್ಮನಿಯ ರಾನಿಸ್, ಜೆಕ್ ದೇಶದ ಜ್ಲಾಟಿ ಕೂನ್, ನಡುವೆ ಸುಮಾರು 230 ಕಿ.ಮೀ.]

2024ರ ಕೊನೆಗೆ ಗಟ್ಟಿ ಸಾಕ್ಷಿ ಸಿಕ್ಕಿತು. ಜರ್ಮನಿಯ ರಾನಿಸ್ ಊರಿನ ಕೋಟೆಯ ಕೆಳಗಿನ ಗುಹೆಯಲ್ಲಿ 13 ಮೂಳೆ ಚೂರು ಸಿಕ್ಕಿದ್ದವು. ಡಿಎನ್‌ಎ ನೋಡಿದರೆ ಅವು ಆರು ಜನರವು, ಅದರಲ್ಲಿ ಒಬ್ಬ ತಾಯಿ, ಅವಳ ಮಗಳು. ಆ ಮೂಳೆಗಳ ಕಾರ್ಬನ್ ಲೆಕ್ಕ ಚೊಕ್ಕವಾಗಿತ್ತು, ಸುಮಾರು 45 ಸಾವಿರ ವರ್ಷ. ಇವರಲ್ಲಿ ಇಬ್ಬರಿಗೆ ಜ್ಲಾಟಿ ಕೂನ್ ಹೆಂಗಸು ದೂರದ ನೆಂಟಳು, ಐದನೇ ಅಥವಾ ಆರನೇ ಹಂತದ ಸಂಬಂಧ. ನೆಂಟರು ಅಂದಮೇಲೆ ಕಾಲವೂ ಒಂದೇ.

ಇವರಿಗೆ ಬೆರಕೆ ಆಗಿ ಸುಮಾರು 80 ತಲೆಮಾರು. ಒಂದು ತಲೆಮಾರಿಗೆ 29 ವರ್ಷದಂತೆ 2,300 ವರ್ಷ. 45 ಸಾವಿರಕ್ಕೆ ಕೂಡಿಸಿದರೆ 47 ಸಾವಿರ ದಾಟುತ್ತೆ. ಹಳೇ ಮೂಳೆಯಿಂದ ಲೆಕ್ಕ ಹಾಕೋದರ ಲಾಭ ಇಲ್ಲೇ ಇರೋದು. ಇಂದಿನವರ ಡಿಎನ್‌ಎಯಿಂದ 1,600 ತಲೆಮಾರು ಎಣಿಸುವಾಗ 20 ಪರ್ಸೆಂಟ್ ತಪ್ಪಿದರೆ 9 ಸಾವಿರ ವರ್ಷ ಎಡವಟ್ಟು. 80 ತಲೆಮಾರಿನಲ್ಲಿ ಅಷ್ಟೇ ತಪ್ಪಿದರೂ 500 ವರ್ಷ ಮೀರಲ್ಲ. 2014ರಲ್ಲಿ 50ರಿಂದ 60 ಸಾವಿರ ಅಂತಿದ್ದ ಅಂದಾಜು ಈಗ 45ರಿಂದ 49 ಸಾವಿರಕ್ಕೆ ಇಳಿದಿರೋದು ಹೀಗೆ.

[ಪರದೆ: ಕಾಲರೇಖೆ. 47 ಸಾವಿರದ ಹತ್ತಿರ ಕೆಂಪು ಗೆರೆ]

ಈ ಕೆಂಪು ಗೆರೆಯನ್ನು ಪಳೆಯುಳಿಕೆಗಳ ಪಕ್ಕ ಇಟ್ಟಾಗಲೇ ನಿಜವಾದ ಜಗಳ ಶುರು. ಇಸ್ರೇಲಿನ ಮಿಸ್ಲಿಯಾ ಗುಹೆಯ ದವಡೆ 1 ಲಕ್ಷ 77 ಸಾವಿರದಿಂದ 1 ಲಕ್ಷ 94 ಸಾವಿರ ವರ್ಷ ಹಳೆಯದು. ಅಲ್ಲೇ ಸ್ಖೂಲ್, ಕಫ್ಜೆಹ್ ಗುಹೆಗಳಲ್ಲಿ ಸುಮಾರು ಲಕ್ಷ ವರ್ಷದ ಹಿಂದೆ ಹೂತ ಶವಗಳಿವೆ. ಅವರೂ ನಮ್ಮ ಮಾನವ ಪ್ರಭೇದದವರೇ. ಆದರೆ ಆಫ್ರಿಕಾದ ಹೊರಗಿನ ಎಲ್ಲರಲ್ಲೂ, ಆಸ್ಟ್ರೇಲಿಯಾದ ಮೂಲನಿವಾಸಿಗಳಲ್ಲೂ, ಇದೇ 47 ಸಾವಿರ ವರ್ಷದ ಬೆರಕೆ ಕಾಣುತ್ತೆ. ಹಾಗಾದರೆ ಇಂದಿನವರ ಪೂರ್ವಿಕರು ಆ ಹೊತ್ತಿನಲ್ಲಿ ಇನ್ನೂ ಒಟ್ಟಿಗೇ ಇದ್ದರು, ಹರಡಿದ್ದು ಆಮೇಲೆ. ಮಿಸ್ಲಿಯಾದವರು ಮೊದಲೇ ಹೊರಟವರು, ಅವರ ವಂಶ ನಮ್ಮವರೆಗೆ ಬಂದಿಲ್ಲ ಅಥವಾ ಬಂದಿದ್ದರೂ ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಅಂಥ ಹಳೇ ಗುಂಪುಗಳ ಗುರುತು ಉಳಿದಿರೋದು ನಿಯಾಂಡರ್ತಾಲರ ಜೀನುಗಳಲ್ಲಿ. ಬೆರಕೆ ಆ ಕಡೆಗೂ ನಡೆದಿತ್ತು.

ಹಳೇದು ಅಂತ ಹೇಳಿದ್ದೆಲ್ಲ ಹಳೇದಲ್ಲ ಅನ್ನೋದೂ ನೆನಪಿರಲಿ. ದಕ್ಷಿಣ ಚೀನಾದ ಫುಯಾನ್ ಗುಹೆಯ 47 ಹಲ್ಲುಗಳಿಗೆ 2015ರಲ್ಲಿ ಕನಿಷ್ಠ 80 ಸಾವಿರ ವರ್ಷ ಅಂದಿದ್ದರು. ಅಳೆದಿದ್ದು ಹಲ್ಲನ್ನಲ್ಲ, ಅದರ ಮೇಲಿನ ಸುಣ್ಣದ ಪದರವನ್ನು. ಗುಹೆಗೆ ನೀರು ನುಗ್ಗಿದರೆ ಮಣ್ಣು ಕೊರೆದು ಹೊಸ ಹಲ್ಲು ಹಳೇ ಪದರದ ಕೆಳಗೆ ಸೇರಬಹುದು. 2021ರಲ್ಲಿ ಅದೇ ಗುಹೆಯ ಹಲ್ಲುಗಳನ್ನೇ ನೇರವಾಗಿ ಪರೀಕ್ಷಿಸಿದಾಗ ಅವು ಕೆಲವೇ ಸಾವಿರ ವರ್ಷದವು ಅಂತ ಬಂತು. ಆ ಲೆಕ್ಕವನ್ನು ಮೊದಲ ತಂಡ ಒಪ್ಪಿಲ್ಲ, ಆದರೂ ಮೂಳೆಯನ್ನೇ ಅಳೆಯದ ವಯಸ್ಸನ್ನು ನಾವಂತೂ ಅನುಮಾನದಿಂದಲೇ ನೋಡ್ತೀವಿ.

[ಪರದೆ: ಜ್ವಾಲಾಪುರಂ, ಬಿಳಿ ಬೂದಿಯ ದಪ್ಪ ಪದರ]

ನಮ್ಮ ಕಡೆ ಏನಿದೆ? ಬಳ್ಳಾರಿ ದಾಟಿ ಆಂಧ್ರದ ಕರ್ನೂಲು ಸೀಮೆಯ ಜ್ವಾಲಾಪುರಂನಲ್ಲಿ ಸುಮಾತ್ರಾದ ಟೋಬಾ ಜ್ವಾಲಾಮುಖಿಯ ಬೂದಿ ಇದೆ, 74 ಸಾವಿರ ವರ್ಷದ್ದು. ಬೂದಿಯ ಕೆಳಗೂ ಮೇಲೂ ಒಂದೇ ಬಗೆಯ ಕಲ್ಲಿನ ಉಪಕರಣ ಸಿಕ್ಕಿವೆ. ಇದನ್ನು ಮಾಡಿದ್ದು ನಮ್ಮ ಪ್ರಭೇದದವರೇ ಅಂತ ಅಗೆದ ತಂಡ 2007ರಲ್ಲಿ ವಾದಿಸಿತು. ಆದರೆ ಮೂಳೆ ಒಂದೂ ಸಿಕ್ಕಿಲ್ಲ, ಕಲ್ಲು ತನ್ನನ್ನು ಕೆತ್ತಿದ ಕೈ ಯಾರದ್ದು ಅಂತ ಹೇಳಲ್ಲ. ನಮ್ಮವರೇ ಆಗಿದ್ದರೂ, ಕೆಂಪು ಗೆರೆಗಿಂತ ಹಿಂದಿನವರಾದ್ದರಿಂದ ಅವರು ಮಿಸ್ಲಿಯಾದವರ ಸಾಲಿಗೇ ಸೇರಬೇಕು. ಇತ್ತೀಚೆಗೆ ಸುಮಾರು 2,700 ಭಾರತೀಯರ ಜೀನೋಮ್ ನೋಡಿದವರಿಗೂ, ನಮ್ಮ ವಂಶದ ಬಹುಪಾಲು ಸುಮಾರು 50 ಸಾವಿರ ವರ್ಷದ ಹಿಂದಿನ ಒಂದೇ ವಲಸೆಯಿಂದ ಬಂದದ್ದು ಅಂತ ಕಂಡಿದೆ.

ಭಾರತದ ಹಳೇ ಮೂಳೆಯಿಂದಲೇ ಡಿಎನ್‌ಎ ತೆಗೆದು ನೋಡಬಹುದಲ್ಲ ಅಂತ ಕೇಳಬಹುದು. ಬಿಸಿಲು, ಮಳೆ ಎರಡೂ ಡಿಎನ್‌ಎಯನ್ನು ತಿನ್ನುತ್ತವೆ. ಸೈಬೀರಿಯಾದ ಚಳಿ ಅದಕ್ಕೆ ಫ್ರಿಜ್ ಇದ್ದ ಹಾಗೆ, ನಮ್ಮ ಮಣ್ಣು ಒಲೆ ಇದ್ದ ಹಾಗೆ. ಹರಿಯಾಣದ ರಾಖಿಗಢಿಯಲ್ಲಿ ಡಿಎನ್‌ಎ ಚೆನ್ನಾಗಿ ಉಳಿಯೋ ಒಳಕಿವಿಯ ಸುತ್ತಲಿನ ಗಟ್ಟಿ ಮೂಳೆಯನ್ನೇ ಕೊರೆದು ನೋಡಿದರು. 61 ಮಾದರಿಗಳಲ್ಲಿ ಜೀನೋಮ್ ಓದೋಕೆ ಆಗಿದ್ದು ಒಂದೇ ಒಂದರದ್ದು. ಆ ಮೂಳೆಯ ವಯಸ್ಸು 4 ಸಾವಿರದ ಚಿಲ್ಲರೆ ವರ್ಷ.