ಸಹಿ ಮೊದಲು, ಉಳಿದದ್ದು ಆಮೇಲೆ

ಕೇಳುಗರಿಗೆ ನಮಸ್ಕಾರ. ಯೋಜನೆಯೊಂದರ ಹೊಣೆ ಹೊತ್ತು, ಅಂತೂ ಕೆಲಸವೆಲ್ಲ ಆಯಿತು ಎಂದು ನಿಟ್ಟುಸಿರು ಬಿಡುತ್ತಿರುವವರಿಗಾಗಿ ಈ ಮಾತು. ಕೆಲಸ ಆಗುವುದು ಬೇರೆ, ಯೋಜನೆ ಮುಗಿಯುವುದು ಬೇರೆ. ಮಾಡಿಸಿಕೊಂಡವರು ಒಪ್ಪಿ ಸಹಿ ಹಾಕಿದಾಗಲೇ ಅದು ಮುಗಿಯುವುದು. ಸಹಿ ಮೊದಲು, ಉಳಿದದ್ದು ಆಮೇಲೆ.

ನಾನು ಕಂಡ ಒಂದು ಪ್ರಸಂಗ ಹೇಳುತ್ತೇನೆ. ಗೋದಾಮಿನ ದಾಸ್ತಾನು ಲೆಕ್ಕದ ತಂತ್ರಾಂಶ ಸಿದ್ಧವಾಗಿತ್ತು. ಮಾಡಿಸಿದ ಸಂಸ್ಥೆಯ ವ್ಯವಸ್ಥಾಪಕರು ಬಳಸಿ ನೋಡಿ, "ಬಹಳ ಚೆನ್ನಾಗಿದೆ" ಎಂದು ಫೋನಿನಲ್ಲಿ ಹೇಳಿದರು. ತಂಡ ಅದನ್ನೇ ಒಪ್ಪಿಗೆ ಎಂದುಕೊಂಡಿತು. ಎಲ್ಲರೂ ಬೇರೆ ಬೇರೆ ಕೆಲಸಗಳಿಗೆ ಹಂಚಿಹೋದರು. ಅಷ್ಟರಲ್ಲಿ ಆ ವ್ಯವಸ್ಥಾಪಕರಿಗೆ ವರ್ಗವಾಯಿತು. ಹೊಸದಾಗಿ ಬಂದವರು ಕೇಳಿದ್ದು ಒಂದೇ: "ಒಪ್ಪಿಕೊಂಡ ಕಾಗದ ಎಲ್ಲಿ?" ಕಾಗದ ಇರಲಿಲ್ಲ. ಕೊನೆಯ ಕಂತಿನ ಹಣ ನಿಂತಿತು. ಬಾರ್‌ಕೋಡ್ ಓದುವ ಸೌಲಭ್ಯವೇ ಇಲ್ಲ ಎಂಬ ತಕರಾರು ಬೇರೆ. ಅದು ಕರಾರಿನಲ್ಲಿ ಇರಲೇ ಇಲ್ಲ. ಹಾಗೆಂದು ತೋರಿಸಿಕೊಡಬಲ್ಲವರು ಮಾತ್ರ ಯಾರೂ ಉಳಿದಿರಲಿಲ್ಲ.

ಗಂಟು ಬಿಡಿಸಿದ್ದು ಹೀಗೆ. ಕರಾರಿಗೆ ಲಗತ್ತಿಸಿದ್ದ ಅಗತ್ಯಗಳ ಪಟ್ಟಿಯನ್ನು ಮುಂದಿಟ್ಟುಕೊಂಡು, ಎರಡೂ ಕಡೆಯವರು ಒಂದೊಂದು ಸಾಲನ್ನೂ ಪರೀಕ್ಷಿಸಿ, ಪಕ್ಕದಲ್ಲೇ ಫಲಿತಾಂಶ ಬರೆದರು. ಒಳಬಂದ ಸರಕು ದಾಸ್ತಾನಿಗೆ ಸೇರುತ್ತದೆಯೇ? ಸೇರುತ್ತದೆ. ತಿಂಗಳ ವರದಿ ಮುದ್ರಣವಾಗುತ್ತದೆಯೇ? ಆಗುತ್ತದೆ, ಆದರೆ ಒಟ್ಟು ಮೊತ್ತದ ಸಾಲು ಪುಟದ ಅಂಚಿನಲ್ಲಿ ತುಂಡಾಗುತ್ತದೆ. ಅದನ್ನು ಯಾರು, ಯಾವ ದಿನದೊಳಗೆ ಸರಿಪಡಿಸಬೇಕೆಂದು ಬಾಕಿ ಪಟ್ಟಿಗೆ ಸೇರಿಸಿದರು. ಬಾರ್‌ಕೋಡ್ ಹೊಸ ಕೆಲಸ, ಅದಕ್ಕೆ ಬೇರೆ ಕರಾರು ಎಂದಾಯಿತು. ಹಾಳೆಯ ಕೆಳಗೆ ಸಹಿ ಬಿತ್ತು, ಹಣವೂ ಬಂತು. ಬಾಕಿ ಉಳಿದಿದ್ದರೂ ಸಹಿ ಸಿಗುತ್ತದೆ ಎಂಬುದನ್ನು ದಯವಿಟ್ಟು ಗಮನಿಸಿ. ಬಾಕಿ ಏನೆಂದು ಬರೆದಿರಬೇಕು, ಅಷ್ಟೇ. ತಂಡ ಚದುರುವ ಮುನ್ನ ಮಾಡಿದ್ದರೆ ಇದು ಎಷ್ಟು ಸುಲಭವಾಗುತ್ತಿತ್ತು! ಸಹಿ ಹಾಕುವ ಅಧಿಕಾರ ಯಾರಿಗಿದೆ ಎಂದು ಯೋಜನೆಯ ಆರಂಭದಲ್ಲೇ ಕೇಳಿ ಬರೆದಿಟ್ಟುಕೊಳ್ಳಿ.

ಇನ್ನು ಹಸ್ತಾಂತರದ ದಾಖಲೆಗಳು. ಕೈಪಿಡಿ, ಪಾಸ್‌ವರ್ಡ್, ಪರವಾನಗಿ ಎಲ್ಲ ಕೊಟ್ಟೆವು ಎಂದರೆ ಸಾಲದು. ಮುಂದೆ ನೋಡಿಕೊಳ್ಳುವವರ ಕೈಗೆ ಕೈಪಿಡಿ ಕೊಟ್ಟು, ಬ್ಯಾಕಪ್‌ನಿಂದ ಮಾಹಿತಿಯನ್ನು ಮರಳಿ ತರಲು ಹೇಳಿ. ಕೈಪಿಡಿ ಬರೆದವರು ಪಕ್ಕದಲ್ಲೇ ಕುಳಿತಿರಲಿ, ಆದರೆ ಬಾಯಿ ಬಿಡಬಾರದು. ಓದುವವರು ತಡವರಿಸಿದ ಕಡೆ ಒಂದು ಹೆಜ್ಜೆ ಬಿಟ್ಟುಹೋಗಿದೆ ಎಂದು ತಿಳಿಯಿರಿ.

ತಂಡದವರನ್ನು ಯೋಜನೆಯಿಂದ ಬಿಡುಗಡೆ ಮಾಡುವುದು ಇದೆಲ್ಲ ಆದ ಮೇಲೆ, ಅಂದರೆ ಸಹಿಯ ನಂತರ. ಬಿಡುಗಡೆಯಾದವರ ಲಾಗಿನ್ ಅಂದೇ ರದ್ದಾಗಲಿ. ಪರೀಕ್ಷೆಗೆಂದು ಬಾಡಿಗೆಗೆ ಪಡೆದ ಸರ್ವರ್ ನಿಲ್ಲಿಸದಿದ್ದರೆ ಬಿಲ್ಲು ಬರುತ್ತಲೇ ಇರುತ್ತದೆ.

ನನಗೆ ಕೊಟ್ಟ ಸಮಯ ಮುಗಿಯುತ್ತಿದೆ, ಅಂತಿಮ ವರದಿಯ ಬಗ್ಗೆ ಎರಡೇ ಮಾತು. ಅಂದುಕೊಂಡ ಅವಧಿ ಮತ್ತು ವೆಚ್ಚ, ನಿಜಕ್ಕೂ ಆದದ್ದು, ವ್ಯತ್ಯಾಸದ ಕಾರಣ, ಇಷ್ಟಿದ್ದರೆ ಸಾಕು. ಕಾರಣಗಳನ್ನು ತಂಡದವರು ಹೊರಡುವ ಮುನ್ನವೇ ಕೇಳಿ ಬರೆದುಕೊಳ್ಳಿ, ಬಾಕಿ ಪಟ್ಟಿಯ ಪ್ರತಿಯನ್ನು ವರದಿಗೆ ಲಗತ್ತಿಸಿ. ನಮಸ್ಕಾರ.