ಮನೆ ಕೇಕಿಗೂ ಒಂದು ನಂಬರ್ ಬೇಕು

ನಮಸ್ಕಾರ ಕೇಳುಗರೇ. ಮನೆಯಲ್ಲಿ ಕೇಕ್ ಮಾಡಿ ವಾಟ್ಸಾಪ್‌ನಲ್ಲಿ ಆರ್ಡರ್ ತಗೊಳ್ಳೋರು ಈಗ ಪ್ರತಿ ಬಡಾವಣೆಯಲ್ಲೂ ಇದ್ದಾರೆ. "ನಾನೇನು ಬೇಕರಿ ಇಟ್ಟಿಲ್ವಲ್ಲ, ಗೊತ್ತಿರೋರಿಗೆ ಮಾತ್ರ ಕೊಡ್ತೀನಿ, ನನಗ್ಯಾಕೆ ಲೈಸೆನ್ಸ್" ಅಂತ ಅವರಲ್ಲಿ ತುಂಬ ಜನ ಕೇಳುತ್ತಾರೆ. ಕಾನೂನು ನೋಡುವುದು ಗೊತ್ತಿರೋರಾ ಅಲ್ವಾ ಅಂತಲ್ಲ, ದುಡ್ಡು ತಗೊಂಡು ಮಾರಿದಿರಾ ಅಂತ. 2006ರ ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ಸಣ್ಣ ತಯಾರಕರಿಗೆ ದೊಡ್ಡ ಲೈಸೆನ್ಸ್ ಬೇಡ, ಆದರೆ ನೋಂದಣಿ ಬೇಕೇ ಬೇಕು.

ಇವತ್ತು ಒಂದೇ ಒಂದು ಕೇಕ್ ಹಿಡಿದುಕೊಂಡು ಮಾತಾಡೋಣ. ಒಂದು ಕೆಜಿ ಎಗ್‌ಲೆಸ್ ರೆಡ್ ವೆಲ್ವೆಟ್. ಹುಬ್ಬಳ್ಳಿಯ ಒಂದು ಮನೆಯಿಂದ ಯಾರದೋ ಹುಟ್ಟುಹಬ್ಬಕ್ಕೆ ಹೋಗಬೇಕು ಅಂತಿಟ್ಟುಕೊಳ್ಳಿ.

ಮೊದಲು ನೋಂದಣಿ. ಇದನ್ನ ನೋಡಿಕೊಳ್ಳೋದು ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ. ಅದರ foscos.fssai.gov.in ಅನ್ನೋ ಪೋರ್ಟಲ್‌ನಲ್ಲಿ ನೀವೇ ಅರ್ಜಿ ಹಾಕಬಹುದು. ಇದಕ್ಕೆ ಫಾರ್ಮ್ ಎ ಅನ್ನುತ್ತಾರೆ. ಒಂದು ಫೋಟೋ, ಗುರುತಿನ ದಾಖಲೆ, ವಿಳಾಸದ ದಾಖಲೆ, ಮುಖ್ಯವಾಗಿ ಬೇಕಾಗುವುದು ಇಷ್ಟೇ. 2011ರ ನಿಯಮಗಳಲ್ಲಿ ಹಾಕಿದ ಗಡಿ ವರ್ಷಕ್ಕೆ 12 ಲಕ್ಷ ರೂಪಾಯಿ ವಹಿವಾಟು, ಶುಲ್ಕ ವರ್ಷಕ್ಕೆ 100 ರೂಪಾಯಿ. ಇಂಥ ಅಂಕೆಗಳು ತಿದ್ದುಪಡಿಯಲ್ಲಿ ಬದಲಾಗುತ್ತಿರುತ್ತವೆ, ಹಾಗಾಗಿ ಅರ್ಜಿ ಹಾಕುವ ದಿನ ಪೋರ್ಟಲ್‌ನಲ್ಲಿ ಇರುವುದನ್ನೇ ನಂಬಿ. ಏಜೆಂಟರಿಗೆ ಸಾವಿರಗಟ್ಟಲೆ ಕೊಡಬೇಡಿ, ಅವರು ತುಂಬುವುದೂ ಇದೇ ಫಾರ್ಮನ್ನ.

ತುಂಬುವಾಗ ಎರಡು ಕಡೆ ಎಡವುತ್ತಾರೆ. ಒಂದು, ವ್ಯವಹಾರದ ಬಗೆ ಕೇಳಿದಾಗ ಸುಮ್ನೆ ಚಿಲ್ಲರೆ ಮಾರಾಟ ಅಂತ ಒತ್ತಿಬಿಡೋದು. ನೀವು ಬೇರೆಯವರ ಕೇಕ್ ತಂದು ಮಾರುತ್ತಿಲ್ಲ, ನೀವೇ ಮಾಡುತ್ತಿದ್ದೀರಿ, ಆದ್ದರಿಂದ ತಯಾರಿಕೆ ಅಂತಲೇ ಆರಿಸಿ, ಅದರೊಳಗೆ ಬೇಕರಿ ಪದಾರ್ಥ. ಇನ್ನೊಂದು, ವಿಳಾಸ. ಓವನ್ ಎಲ್ಲಿದೆಯೋ ಆ ಮನೆಯ ವಿಳಾಸ ಕೊಡಬೇಕು, ಯಾಕೆಂದರೆ ನೋಂದಣಿ ಆಗುವುದು ಆ ಜಾಗಕ್ಕೆ. ಬಾಡಿಗೆ ಮನೆ ಬದಲಾಯಿಸಿದರೆ ಹಳೆಯ ನಂಬರಿನಲ್ಲಿ ಹೊಸ ಅಡುಗೆಮನೆ ನಡೆಯುವುದಿಲ್ಲ.

ಅರ್ಜಿ ಹೋದ ಮೇಲೆ ಏಳು ದಿನದಲ್ಲಿ ಅಧಿಕಾರಿ ನೋಂದಣಿ ಕೊಡಬಹುದು, ಬೇಡ ಅನ್ನಬಹುದು, ಇಲ್ಲ ಮನೆಗೆ ಬಂದು ನೋಡ್ತೀವಿ ಅನ್ನಬಹುದು. ಸಿಕ್ಕರೆ 14 ಅಂಕಿಯ ನಂಬರ್ ಬರುತ್ತದೆ. ನೋಂದಣಿ ಆದರೆ ಮೊದಲ ಅಂಕಿ 2, ಲೈಸೆನ್ಸ್ ಆದರೆ 1. ಅದರ ನಂತರದ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 12. ಈ ನಂಬರ್ ಬಿಲ್ಲಿನ ಮೇಲೂ ಇರಬೇಕು ಅನ್ನೋದು 2022ರ ಜನವರಿಯಿಂದ ಕಡ್ಡಾಯ. ಚೀಟಿಯಲ್ಲಿ ಬರೆದು ಕೊಟ್ಟರೂ ಬಿಲ್ಲು ಬಿಲ್ಲೇ ಅಲ್ವಾ, ಅದರಲ್ಲೂ ಬರೀರಿ.

ನಂಬರ್ ಬಂತು ಅಂದರೆ ಮುಗಿಯಿತು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ನಿಜವಾದ ಕೆಲಸ ಶುರುವಾಗೋದೇ ಆಮೇಲೆ. ಆ ರೆಡ್ ವೆಲ್ವೆಟ್‌ನ ಬಣ್ಣವನ್ನೇ ನೋಡಿ.

2024ರಲ್ಲಿ ನಮ್ಮ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಬೇಕರಿಗಳಿಂದ 235 ಕೇಕ್ ಮಾದರಿ ತಂದು ಪರೀಕ್ಷೆ ಮಾಡಿಸಿತು. ಅದರಲ್ಲಿ 12ರಲ್ಲಿ ಕೃತಕ ಬಣ್ಣ ಮಿತಿಮೀರಿತ್ತು. ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್ ತರದ ಕೇಕುಗಳ ಹೆಸರೇ ಆಗ ಜಾಸ್ತಿ ಕೇಳಿ ಬಂದಿದ್ದು. ಅದೇ ವರ್ಷ ಗೋಬಿ ಮಂಚೂರಿ, ಬಾಂಬೆ ಮಿಠಾಯಿಯಲ್ಲಿ ರೋಡಮೈನ್ ಬಿ ಹಾಕಬಾರದು ಅಂತ ಸರ್ಕಾರ ಆದೇಶ ಹೊರಡಿಸಿದ್ದು ನಿಮಗೆ ನೆನಪಿರಬಹುದು. ಅದು ಬಟ್ಟೆಗೆ ಹಾಕೋ ಬಣ್ಣ, ಯಾವ ತಿಂಡಿಗೂ ಸಲ್ಲದು. ಲೂಸ್ ಪೊಟ್ಟಣದ ಕೆಂಪು ಪುಡಿಯಲ್ಲಿ ಏನಿದೆ ಅಂತ ಕಣ್ಣಿನಲ್ಲಿ ನೋಡಿ ಹೇಳುವುದಕ್ಕೆ ಆಗಲ್ಲ. ಆದ್ದರಿಂದ ತಯಾರಕರ ಹೆಸರು, ಬಣ್ಣದ ಹೆಸರು, ಎಫ್‌ಎಸ್‌ಎಸ್‌ಎಐ ನಂಬರ್ ಇರುವ ಸೀಲ್ ಆದ ಡಬ್ಬಿಯನ್ನೇ ತನ್ನಿ.

ಒಪ್ಪಿಗೆ ಇರುವ ಬಣ್ಣಕ್ಕೂ ಸಾಮಾನ್ಯವಾಗಿ ಇಟ್ಟಿರುವ ಮಿತಿ, ತಿನ್ನೋಕೆ ರೆಡಿಯಾದ ಒಂದು ಕೆಜಿ ಪದಾರ್ಥಕ್ಕೆ 100 ಮಿಲಿಗ್ರಾಂ. ಅಂದರೆ ಒಂದು ಗ್ರಾಮಿನ ಹತ್ತನೇ ಒಂದು ಭಾಗ. ಒಂದು ಗ್ರಾಂಗಿಂತ ಕಡಿಮೆ ತೋರಿಸದ ಅಡುಗೆಮನೆ ತಕ್ಕಡಿಯಲ್ಲಿ ಇದನ್ನು ಅಳೆಯೋಕೇ ಆಗಲ್ಲ, ಚಿಟಿಕೆ ಲೆಕ್ಕದಲ್ಲಂತೂ ಯಾವಾಗ ದಾಟಿತು ಅಂತ ಗೊತ್ತೇ ಆಗಲ್ಲ. ಹೀಗೆ ಮಾಡಿ. 0.01 ಗ್ರಾಂ ತೋರಿಸುವ ಚಿಕ್ಕ ತಕ್ಕಡಿಯಲ್ಲಿ ಒಂದು ಗ್ರಾಂ ಪುಡಿ ತೂಗಿ, ಕುದಿಸಿ ಆರಿಸಿದ ನೀರು ಸೇರಿಸಿ ಒಟ್ಟು 100 ಮಿಲಿ ಮಾಡಿ. ಈ ನೀರಿನ 10 ಮಿಲಿಯಲ್ಲಿ 100 ಮಿಲಿಗ್ರಾಂಗಿಂತ ಜಾಸ್ತಿ ಬಣ್ಣ ಇರೋಕೆ ಸಾಧ್ಯವಿಲ್ಲ. ಒಂದು ಕೆಜಿ ಕೇಕಿಗೆ, ಸ್ಪಂಜ್, ಕ್ರೀಮ್, ಮೇಲಿನ ಹೂವು ಎಲ್ಲ ಸೇರಿ, 10 ಮಿಲಿಯೊಳಗೇ ಮುಗಿಸಿ. ಜೆಲ್ ಬಳಸುವವರು ಡಬ್ಬಿಯ ಮೇಲೆ ಡೈ ಶೇಕಡ ಎಷ್ಟು ಅಂತ ಓದಿ. ಶೇಕಡ 10 ಇದ್ದರೆ ಒಂದು ಗ್ರಾಂ ಜೆಲ್ಲೇ ಗಡಿ. ಬಣ್ಣ ಸ್ವಲ್ಪ ಮಂಕಾಗುತ್ತದೆ, ಆಗಲಿ ಬಿಡಿ. ಹೊಳೆಯುವ ಗ್ಲಿಟರ್ ಡಬ್ಬಿಯ ಮೇಲೆ "ನಾನ್ ಟಾಕ್ಸಿಕ್" ಅಂತಿದ್ದರೆ ಅದು ತಿನ್ನಬಹುದು ಅಂತ ಅರ್ಥ ಅಲ್ಲ. ತಿನ್ನಬಹುದು ಅಂತಲೇ ಸ್ಪಷ್ಟವಾಗಿ ಬರೆದಿರಬೇಕು.

ಈಗ ಎಗ್‌ಲೆಸ್ ಅನ್ನೋ ಮಾತು. ಮೊಟ್ಟೆ ಹಾಕಿದ ಕೇಕ್ ನಿಯಮದ ಲೆಕ್ಕದಲ್ಲಿ ಮಾಂಸಾಹಾರ, ಬಾಕ್ಸಿನ ಮೇಲೆ ಕಂದು ಬಣ್ಣದ ತ್ರಿಕೋನ ಬರಬೇಕು. ಮೊದಲು ಅದು ಕಂದು ಚುಕ್ಕಿ ಆಗಿತ್ತು, 2020ರ ಲೇಬಲ್ ನಿಯಮದಲ್ಲಿ ತ್ರಿಕೋನ ಮಾಡಿದರು. ಸಸ್ಯಾಹಾರಕ್ಕೆ ಹಸಿರು ಚುಕ್ಕಿ. ಮೊಟ್ಟೆ ಇಲ್ಲ ಅಂದ ಮಾತ್ರಕ್ಕೆ ಹಸಿರು ಚುಕ್ಕಿ ಅಂಟಿಸಬೇಡಿ, ಯಾಕೆಂದರೆ ಮೇಲಿನ ಮಿರರ್ ಗ್ಲೇಜ್‌ಗೋ ಮೂಸ್‌ಗೋ ಜೆಲಟಿನ್ ಹಾಕಿರುತ್ತೀರಿ. ಅದು ಪ್ರಾಣಿಯ ಚರ್ಮ, ಮೂಳೆಯಿಂದ ಬರುವಂಥದ್ದು. ಮೊಟ್ಟೆಯನ್ನೇ ಮುಟ್ಟದ ಮನೆಗೆ ಅಂಥ ಕೇಕ್ ಹಸಿರು ಚುಕ್ಕಿ ಹೊತ್ತು ಹೋದರೆ ಏನಾಗುತ್ತೆ ಯೋಚನೆ ಮಾಡಿ. ಜೆಲಟಿನ್ ಬದಲು ಅಗರ್ ಬಳಸಿ, ಇಲ್ಲ ತ್ರಿಕೋನ ಹಾಕಿ.

ಪ್ಯಾಕ್ ಮಾಡಿ ಮಾರುವ ಬಾಕ್ಸಿನ ಮೇಲೆ ನಿಮ್ಮ ಹೆಸರು, ವಿಳಾಸ, ನಂಬರ್, ಏನೇನು ಹಾಕಿದ್ದೀರಿ, ತೂಕ, ಮಾಡಿದ ದಿನ, ಯಾವತ್ತಿನವರೆಗೆ ತಿನ್ನಬಹುದು, ಇವೆಲ್ಲ ಇರಬೇಕು. ಜೊತೆಗೆ ಗೋಧಿ, ಹಾಲು, ಸೋಯಾ, ಗೋಡಂಬಿ, ಕಡಲೆಕಾಯಿ, ಯಾವುದಿದೆಯೋ ಅದನ್ನು ಅಲರ್ಜಿಯ ಸಾಲಿನಲ್ಲಿ ಬರೀರಿ. ತೂಕ ಅಂದರೆ ಕೇಕಿನದು ಮಾತ್ರ, ಕೆಳಗಿನ ಬೋರ್ಡ್ ಸೇರಿಸಿ ಒಂದು ಕೆಜಿ ಅನ್ನುವ ಹಾಗಿಲ್ಲ. ವೆಜಿಟಬಲ್ ಕೊಬ್ಬಿನ ವಿಪ್ ಟಾಪಿಂಗ್ ಹಾಕಿ ಫ್ರೆಶ್ ಕ್ರೀಮ್ ಅಂತ ಬರೆಯೋದು ಬಹಳ ಕಡೆ ಇದೆ, ಅದು ತಪ್ಪು ಲೇಬಲ್.

ಇನ್ನು ಅಡುಗೆಮನೆ. ಕೈಯಲ್ಲಿ ಗಾಯ, ಕುರು ಇದ್ದ ದಿನ ಕ್ರೀಮ್ ಕೆಲಸ ಬೇಡ. ಅಲ್ಲಿರುವ ಸ್ಟೆಫೈಲೊಕಾಕಸ್ ಅನ್ನೋ ಬ್ಯಾಕ್ಟೀರಿಯಾ ಕ್ರೀಮಿನಲ್ಲಿ ಬೆಳೆದು ವಿಷ ಬಿಡುತ್ತದೆ. ಆ ವಿಷ ಬಿಸಿ ಮಾಡಿದರೂ ಹೋಗಲ್ಲ, ರುಚಿ, ವಾಸನೆಯಲ್ಲೂ ಗೊತ್ತಾಗಲ್ಲ, ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ ಶುರು. ಕ್ರೀಮ್ ಕೇಕ್ 5 ಡಿಗ್ರಿಯೊಳಗೇ ಇರಬೇಕು. ಮನೆ ಫ್ರಿಜ್ ದಿನಕ್ಕೆ ಎಷ್ಟೋ ಸಲ ತೆಗೆಯುತ್ತೀವಿ, ಕರೆಂಟೂ ಹೋಗುತ್ತೆ, ಆದ್ದರಿಂದ ಒಳಗೊಂದು ಥರ್ಮಾಮೀಟರ್ ಇಡಿ. ಏಪ್ರಿಲ್ ಬಿಸಿಲಲ್ಲಿ ಸ್ಕೂಟರಿನ ಮೇಲೆ ಹೋಗುವ ಕೇಕಿಗೆ ಐಸ್ ಪ್ಯಾಕ್ ಇರುವ ಥರ್ಮಕೋಲ್ ಬಾಕ್ಸ್ ಬೇಕು. ಇಲ್ಲದಿದ್ದರೆ ಸಂಜೆ ತಂಪಾದ ಮೇಲೆ ಬಂದು ತಗೊಂಡು ಹೋಗಿ ಅಂತ ಗಿರಾಕಿಗೇ ಹೇಳಿಬಿಡಿ.

ಕೊನೆಗೆ ಜಿಎಸ್‌ಟಿ. ರಾಜ್ಯದೊಳಗೆ ಸರಕು ಮಾತ್ರ ಮಾರುವವರಿಗೆ ವರ್ಷಕ್ಕೆ 40 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ನೋಂದಣಿ ಬೇಡ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ಅಂಗಡಿ, ಬೇಕರಿಗಳಿಗೆ ನೋಟಿಸ್ ಕಳಿಸಿದಾಗ, ಮನೆಯ ಹಣ, ಸಾಲದ ಹಣ, ವ್ಯಾಪಾರದ ಹಣ ಎಲ್ಲ ಒಂದೇ ಖಾತೆಯಲ್ಲಿದ್ದವರಿಗೆ ಉತ್ತರ ಬರೆಯೋದೇ ಕಷ್ಟ ಆಯಿತು. ಕೇಕಿನ ದುಡ್ಡಿಗೆ ಬೇರೆ ಖಾತೆ ತೆರೆಯಿರಿ, ಅದರದೇ ಕ್ಯೂಆರ್ ಕೋಡ್ ಕೊಡಿ. ನಮಸ್ಕಾರ.