ಲೆಕ್ಕ ಸರಿ ಇದ್ದರೂ FALSE ಯಾಕೆ?

ನಮಸ್ಕಾರ. ಎಕ್ಸೆಲ್‌ನಲ್ಲಿ ಲೆಕ್ಕ ಇಡುವವರಿಗೆ ಇವತ್ತು ಒಂದೇ ಮಾತು ಹೇಳುತ್ತೇನೆ. ದಶಾಂಶದ ಲೆಕ್ಕ ಮಾಡಿ ಬಂದ ಉತ್ತರವನ್ನು ಸಮ ಚಿಹ್ನೆಯಿಂದ ಹೋಲಿಸುವ ಮೊದಲು ROUND ಮಾಡಿ.

ನನಗೆ ಪರಿಚಯದ ಒಬ್ಬರು ಹಳ್ಳಿಯ ಹಾಲಿನ ಡೇರಿಯಲ್ಲಿ ಸೆಕ್ರೆಟರಿ. ಬಹಳ ಅಚ್ಚುಕಟ್ಟಿನ ಮನುಷ್ಯ. ಒಂದು ಕ್ಯಾನಿಗೆ ಅವರ ತೂಕ 22.3 ಕಿಲೋ, ಲಾರಿಯವರ ತೂಕ 22.2 ಕಿಲೋ. ಚೀಟಿಯಲ್ಲಿ ಬರೆದ ವ್ಯತ್ಯಾಸ 0.1. ಚೀಟಿ ಸರಿಯಿದೆಯೇ ಎಂದು ನೋಡಲು ಅವರು ಹೀಗೆ ಬರೆದಿದ್ದರು:

```
=(A2-B2)=C2
```

ಬಂದ ಉತ್ತರ FALSE. ಪಾಪ, ಮೂರೂ ಅಂಕಿಗಳನ್ನು ಅಳಿಸಿ ಮತ್ತೆ ಟೈಪ್ ಮಾಡಿದರು. ಆಗಲೂ FALSE. ಚೀಟಿ ಬರೆದ ಹುಡುಗನನ್ನು ಕರೆಸಿ ವಿಚಾರಿಸಿದರು. ಅವನು ಬರೆದದ್ದು ಸರಿಯಾಗಿಯೇ ಇತ್ತು! ಕೊನೆಗೆ ನನಗೆ ಫೋನ್ ಬಂತು. "ಕಳೆದು ಬಂದ ಉತ್ತರ ಒಂದು ಸೆಲ್‌ನಲ್ಲಿ ಬರಲಿ. ಅದಕ್ಕೆ ದಶಾಂಶದ ಸ್ಥಾನ ಹದಿನೈದು ಮಾಡಿ, ಓದಿ ಹೇಳಿ" ಅಂದೆ. ಅವರು ಸೊನ್ನೆಗಳನ್ನು ಒಂದೊಂದಾಗಿ ಓದುತ್ತಾ ಹೋದರು. ಕೊನೆಯ ಸ್ಥಾನದಲ್ಲಿ ಒಂದು ಸಿಕ್ಕಿತು:

```
0.100000000000001
```

ಆ ಒಂದು ಎಲ್ಲಿಂದ ಬಂತು? ಕಂಪ್ಯೂಟರ್ ಅಂಕಿಗಳನ್ನು ಎರಡರ ಲೆಕ್ಕದಲ್ಲಿ, ಸೀಮಿತ ಜಾಗದಲ್ಲಿ ಇಡುತ್ತದೆ. ನಾವು ಒಂದನ್ನು ಮೂರರಿಂದ ಭಾಗಿಸಿದರೆ 0.333 ಅಂತ ಮುಗಿಯದೆ ಹೋಗುತ್ತದೆ, ಅಲ್ವಾ? ಎರಡರ ಲೆಕ್ಕದಲ್ಲಿ 22.3 ಕೂಡ ಹಾಗೆಯೇ ಮುಗಿಯುವುದಿಲ್ಲ. ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ಇಲ್ಲಿ 22.3 ಕೂದಲೆಳೆಯಷ್ಟು ಜಾಸ್ತಿಯಾಗಿ ಕೂತಿತು, 22.2 ಅಷ್ಟೇ ಕಡಿಮೆಯಾಗಿ ಕೂತಿತು. ಕಳೆದಾಗ ಎರಡೂ ತಪ್ಪು ಸೇರಿಕೊಂಡವು. ಅದೇ 22.5ರಿಂದ 22.25 ಕಳೆದು 0.25ಕ್ಕೆ ಹೋಲಿಸಿ, TRUE ಬರುತ್ತದೆ. ಅರ್ಧ, ಕಾಲು ಎರಡರ ಲೆಕ್ಕಕ್ಕೆ ಸರಿಯಾಗಿ ಒಗ್ಗುತ್ತವೆ. ಅದಕ್ಕೇ ಈ ತೊಂದರೆ ಕೆಲವೊಮ್ಮೆ ಮಾತ್ರ ಕಾಣುವುದು.

ಈಗ ಬರೆದುಕೊಳ್ಳಿ:

```
=ROUND(A2-B2,1)=ROUND(C2,1)
```

ಕಳೆದ ಮೇಲೆ ROUND. ಕೆಲವರು ಮೊದಲೇ A2, B2ಗಳನ್ನು ಬೇರೆ ಬೇರೆ ROUND ಮಾಡಿ ಆಮೇಲೆ ಕಳೆಯುತ್ತಾರೆ. ಅದರಿಂದ ಏನೂ ಆಗದು. 22.3 ಅನ್ನು ಒಂದು ಸ್ಥಾನಕ್ಕೆ ROUND ಮಾಡಿದರೆ ಅದೇ 22.3 ತಾನೇ ಬರುವುದು? ದಯವಿಟ್ಟು, ಉತ್ತರವನ್ನು ROUND ಮಾಡಿ.

ಇನ್ನು "ಸೆಲ್‌ನಲ್ಲಿ ಒಂದೇ ದಶಾಂಶ ಕಾಣುವ ಹಾಗೆ ಮಾಡಿದ್ದೇನೆ ಸಾರ್" ಅನ್ನುವವರು. ಎಷ್ಟು ಸಲ ಹೇಳಿದರೂ ಇದೇ ಮಾತು! ಫಾರ್ಮ್ಯಾಟ್ ಬದಲಿಸಿದರೆ ಕಣ್ಣಿಗೆ ಕಾಣುವುದಷ್ಟೇ ಬದಲಾಗುತ್ತದೆ, ಒಳಗಿನ ಅಂಕಿ ಹಾಗೇ ಇರುತ್ತದೆ. ಹೋಲಿಕೆ ನಡೆಯುವುದು ಒಳಗಿನ ಅಂಕಿಯ ಮೇಲೆ.

ಸಮಯ ಮುಗಿಯುತ್ತಾ ಬಂತು. ಎಷ್ಟು ಸ್ಥಾನಕ್ಕೆ ROUND ಮಾಡಬೇಕು ಅನ್ನುವುದು ನಿಮ್ಮ ಅಳತೆಯ ಮೇಲಿದೆ. ರೂಪಾಯಿ ಪೈಸೆಗೆ ಎರಡು, ಗ್ರಾಂ ತೋರಿಸುವ ತಕ್ಕಡಿಯ ಕಿಲೋ ತೂಕಕ್ಕೆ ಮೂರು. ಅದಕ್ಕಿಂತ ಕಡಿಮೆ ಇಟ್ಟರೆ ನಿಜವಾದ ವ್ಯತ್ಯಾಸವೇ ಅಳಿಸಿಹೋದೀತು. ನಮಸ್ಕಾರ.